“ನೂರಕ್ಕೆ ನೂರು ಮಿನರಲ್” ಅಂತ ಕೊಟ್ಟ ಮಕ್ಕಳ ಸನ್‌ಸ್ಕ್ರೀನ್: ನಾನು ಮೋಸ ಹೋದೆ, ನೀವು ಹೋಗಬೇಡಿ

ನಾಚಿಕೆ ಬಿಟ್ಟು ಬರೀತಿದೀನಿ. ಮಗಳಿಗೆ ಎಂಟು ವರ್ಷ. ಜನವರಿ 26ರ ಡ್ರಿಲ್‌ಗೆ ಅಂತ ಎರಡು ವಾರದಿಂದ ಮಕ್ಕಳನ್ನ ಬೆಳಗ್ಗೆ ಹತ್ತು ಗಂಟೆಗೆ ಮೈದಾನದಲ್ಲಿ ನಿಲ್ಲಿಸ್ತಿದ್ರು. ನಮ್ಮ ಬಳ್ಳಾರಿ ಬಿಸಿಲಿಗೆ ಜನವರಿ ಅನ್ನೋ ಲೆಕ್ಕ ಇಲ್ಲ. ಮಗಳ ಮೂಗಿನ ಮೇಲೆ ಸಿಪ್ಪೆ ಏಳೋಕೆ ಶುರುವಾಯ್ತು.

ಇನ್‌ಸ್ಟಾಗ್ರಾಮ್‌ನಲ್ಲಿ ಮಕ್ಕಳ ಸಾಮಾನು ಮಾರೋ ಒಂದು ಪೇಜ್ ಇದೆ. “ನೂರಕ್ಕೆ ನೂರು ಮಿನರಲ್, ಝಿಂಕ್ ಮಾತ್ರ, ಬಿಳಿ ಆಗೋದೇ ಇಲ್ಲ” ಅಂತ ಹಾಕಿದ್ರು. ಎರಡು ಟ್ಯೂಬಿಗೆ 1,100 ರೂಪಾಯಿ. ಒಂದನ್ನ ದೊಡ್ಡಸ್ತಿಕೆಯಿಂದ ನಾದಿನಿ ಮಗನಿಗೂ ಕೊಟ್ಟೆ. ಹಚ್ಚಿದ್ರೆ ನೀರಿನ ಹಾಗೆ ಮಾಯ. ಖುಷಿಯಾಗಿ ಆ ಪೇಜಿನವರಿಗೇ “ಸೂಪರ್ ಇದೆ” ಅಂತ ಮೆಸೇಜೂ ಕಳಿಸಿದೆ. ದಡ್ಡಿ ನಾನು.

ಮೂರನೇ ದಿನ ಶಾಲೆ ಗೇಟಲ್ಲಿ ಮಗಳು ಎರಡೂ ಕಣ್ಣು ಕೆಂಪು ಮಾಡ್ಕೊಂಡು ನಿಂತಿದ್ಲು. ತೋಳಿಂದ ಉಜ್ಜಿ ಉಜ್ಜಿ ಯೂನಿಫಾರ್ಮ್ ತೋಳೆಲ್ಲಾ ಜಿಡ್ಡು. “ಅಮ್ಮಾ, ಮೆಣಸಿನಕಾಯಿ ಬಿದ್ದಂಗಾಯ್ತು, ಇನ್ನ ಹಚ್ಚಬೇಡ” ಅಂದ್ಲು. ಅದೇ ಸಂಜೆ ನಾದಿನಿ ಫೋನು: “ಅತ್ತಿಗೆ, ಅದೇನು ಕ್ರೀಮ್ ಕೊಟ್ರಿ? ಇವನು ಕಣ್ಣೇ ಬಿಡ್ತಿಲ್ಲ.” ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಆ ಪೇಜಿಗೆ ಬರೆದೆ. ಉತ್ತರ: “ಅಕ್ಕಾ, ಸ್ವಲ್ಪ ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ.” ಉರಿದ್ರೆ ಕೆಲಸವಂತೆ! “ಮಗು ಕಣ್ಣು ಮುಟ್ಕೊಂಡಿರ್ತಾಳೆ ನೋಡಿ” ಅಂತ ಇನ್ನೊಂದು.

ಚಿಕ್ಕಪ್ಪನ ಮಗ ಮೆಡಿಕಲ್ ಶಾಪಲ್ಲಿದಾನೆ. ಅವನ ಹತ್ರ ಹೋದೆ. ಟ್ಯೂಬಿನ ಹಿಂದಿನ ಅಕ್ಷರ ಸಾಸಿವೆಗಿಂತ ಸಣ್ಣ, ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದ. ನೀರಾದ ಮೇಲೆ ಎರಡನೇ ಹೆಸರೇ ಈಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್. ಆಮೇಲೆ ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯ್ಲ್‌ಮೀಥೇನ್, ಅಂದ್ರೆ ಅವೊಬೆಂಝೋನ್. ಎರಡೂ ಕೆಮಿಕಲ್ ಫಿಲ್ಟರ್, ಅಂದ್ರೆ ಬಿಸಿಲು ತಡೆಯೋ ಕೆಮಿಕಲ್, ಮಿನರಲ್ ಅಲ್ಲ. ಝಿಂಕ್ ಆಕ್ಸೈಡ್ ಎಲ್ಲಿ? ಕೆಳಗೆ, ಕೊನೇಲಿ, ಪರ್ಫ್ಯೂಮ್ ಪಕ್ಕದಲ್ಲಿ!

“ಅಕ್ಕಾ, ಜಾಸ್ತಿ ಇರೋದು ಮೊದಲು ಬರುತ್ತೆ. ಇಲ್ಲಿ ಫಿನಾಕ್ಸಿಎಥನಾಲ್ ಅಂತಿದೆಯಲ್ಲ, ಅದು ಕೆಡದಿರೋಕೆ ಹಾಕೋದು, ಶೇಕಡಾ 1ಕ್ಕಿಂತ ಜಾಸ್ತಿ ಹಾಕಲ್ಲ. ಝಿಂಕ್ ಅದರ ಕೆಳಗಿದೆ ಅಂದ್ರೆ ಹೆಸರಿಗಷ್ಟೇ” ಅಂದ. ನಿಜವಾದ ಮಿನರಲ್‌ನಲ್ಲಿ ಝಿಂಕ್ ಆಕ್ಸೈಡೋ ಟೈಟಾನಿಯಂ ಡೈಆಕ್ಸೈಡೋ ಮೊದಲ ನಾಲ್ಕೈದು ಹೆಸರಲ್ಲೇ ಇರುತ್ತಂತೆ, ಝಿಂಕ್ ಒಂದೇ ಇದ್ರೆ ಶೇಕಡಾ 15–20ರ ಹತ್ರ. ಅಷ್ಟು ಪುಡಿ ಇದ್ರೆ ನಮ್ಮ ಗೋಧಿ ಬಣ್ಣದ ಚರ್ಮದ ಮೇಲೆ ಸಾಮಾನ್ಯವಾಗಿ ಒಂಚೂರಾದರೂ ಬಿಳಿ ಕಾಣುತ್ತೆ. ಬಿಳಿ ಆಗಲ್ಲ ಅಂತ ನಾನು ಹಿಗ್ಗಿದ್ದೆ ನೋಡಿ, ಮೋಸ ಅಲ್ಲೇ ಇತ್ತು.

ಕೆಮಿಕಲ್ ಫಿಲ್ಟರ್ ವಿಷ ಅಂತ ನಾನು ಹೇಳ್ತಿಲ್ಲ, ನಾನೇ ಅದನ್ನ ಹಚ್ಚೋದು. ಆದ್ರೆ ಬೆವರಿನ ಜೊತೆ ಕಣ್ಣಿಗಿಳಿದ್ರೆ ಉರಿಯುತ್ತೆ, ಪರ್ಫ್ಯೂಮ್ ಬೇರೆ. ಇದನ್ನೇ ಆ ಪೇಜಿನವರಿಗೆ ಕೇಳಿದೆ. “ಮಿನರಲ್ ಬೇಸ್ಡ್ ಅಕ್ಕಾ, ಝಿಂಕ್ ಇದೆಯಲ್ಲ!” ಫೋಟೋ ಕಳಿಸಿದೆ. “ಓಪನ್ ಮಾಡಿದ ಟ್ಯೂಬ್ ವಾಪಸ್ ಇಲ್ಲ.” ಆಮೇಲೆ ಬ್ಲಾಕ್.

ಈಗ ತಮ್ಮನ ಅಂಗಡಿಯಿಂದಲೇ ತಂದಿದೀನಿ. ಝಿಂಕ್ ಮೂರನೇ ಹೆಸರು, ವಾಸನೆ ಇಲ್ಲ, ಎಸ್‌ಪಿಎಫ್ 30, ಬ್ರಾಡ್ ಸ್ಪೆಕ್ಟ್ರಮ್. ಗಟ್ಟಿ, ಮೊಸರಿನ ಕೆನೆ ಹಾಗೆ. ಮೊದಲ ದಿನ “ವಿಭೂತಿ ಬಳ್ಕೊಂಡಂಗಿದೀನಿ, ಎಲ್ಲರೂ ನಗ್ತಾರೆ” ಅಂತ ಅತ್ಲು. ಒಂದೇ ಸಲ ಬಳಿಯೋದು ಬಿಟ್ಟು, ಅವಳದೇ ಎರಡು ಬೆರಳಿನುದ್ದ ತಗೊಂಡು ಅರ್ಧರ್ಧ ಮಾಡಿ ಎರಡು ಸಲ ತಟ್ಟಿ ಹಚ್ತೀನಿ. ಕಡಿಮೆ ಹಚ್ಚಿ ಬಿಳಿ ತಪ್ಪಿಸೋಕೆ ಹೋಗಬೇಡಿ, ಬರೆದಿರೋ ಎಸ್‌ಪಿಎಫ್ ಸಿಗಲ್ಲ. ಹುಬ್ಬಿನ ಮೇಲೆ ಒಂದು ಬೆರಳು ಜಾಗ ಬಿಡ್ತೀನಿ, ಅಲ್ಲಿಗೆ ಟೋಪಿ. ಕ್ರೀಮ್ ಹಚ್ಚಿ ಆಮೇಲೆ ಜಡೆ ಹಾಕ್ತೀನಿ. ಎರಡು ಜಡೆ ಮುಗಿಯೋಷ್ಟರಲ್ಲಿ ಕೂತಿರುತ್ತೆ, ಬಿಳಿಯೂ ಇಳಿದಿರುತ್ತೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಶಾಲೇಲಿ ಯಾರು ಹಚ್ತಾರೆ? ಕಂಪಾಸ್ ಬಾಕ್ಸಲ್ಲಿ ಝಿಂಕ್ ಸ್ಟಿಕ್ ಇಟ್ಟಿದೀನಿ, ಡ್ರಿಲ್‌ಗೆ ಮುಂಚೆ ಮೂಗು, ಕೆನ್ನೆ, ಕಿವಿಗೆ ತಾನೇ ಎಳ್ಕೋತಾಳೆ. ಗೆಳತಿಯರಿಗೂ ಬಳಿದು ವಾರಕ್ಕೇ ಅರ್ಧ ಖಾಲಿ ಮಾಡಿದಾಳೆ, ಅದು ಬೇರೆ ಕಥೆ.

ಹಿಂದಿನ ಪಟ್ಟಿಯ ಫೋಟೋ ಕೇಳಿ. ಕೊಡಲ್ಲ ಅಂದ್ರೆ ತಗೋಬೇಡಿ.

ನಾದಿನಿ ತನ್ನ ಫೋನಲ್ಲಿ ನೋಡಿ ಹೇಳಿದ್ಲು, ಆ ಪೇಜಲ್ಲಿ “ಸೂಪರ್ ಇದೆ, ಸ್ವಲ್ಪವೂ ಬಿಳಿ ಆಗಲ್ಲ” ಅಂತ ಒಬ್ಬ ಬಳ್ಳಾರಿ ತಾಯಿಯ ಮೆಸೇಜು ಇನ್ನೂ ಮೇಲೇ ಇದೆಯಂತೆ. ನಂಬಬೇಡಿ, ಅದು ನಂದೇ.