ಜಿಪಿಎಸ್ ಯಂತ್ರಕ್ಕೆ ದಾರಿ ತುಂಬಿಸುವುದು: ಕೇಬಲ್ಲಾ, ಆ್ಯಪ್ಪಾ?

ದಾರಿಗುರುತುಗಳ ವಿಷಯ ಬಂದರೆ ನನ್ನ ಓಟು ಹಳೇ ಕಾಲದ ಕೇಬಲ್ಲಿಗೆ ಮತ್ತು ಕೈಯಲ್ಲಿ ಹಿಡಿಯುವ ಗಾರ್ಮಿನ್ ಈಟ್ರೆಕ್ಸ್ 22ಎಕ್ಸ್‌ಗೆ. ಕ್ರೀಡಾ ವಾಚು ಕೂಡ ಇದೆ, ಬೆಲೆಯೂ ಅದಕ್ಕೇ ಜಾಸ್ತಿ. ದಿನಾ ಓಡುವಾಗ ಅದೇ ಬೇಕು. ಆದರೆ ನಕ್ಷೆಯ ಮೇಲೆ ಕೂತು ಗುರುತು ಹಾಕಿದ ನೀರಿನ ಜಾಗ, ಚೆಕ್‌ಪೋಸ್ಟ್, ಕವಲು ದಾರಿ, ಇವೆಲ್ಲ ಹಾಕಿದ ಹಾಗೇ ಯಂತ್ರಕ್ಕೆ ಇಳಿಯಬೇಕು ಅಂದರೆ ವಾಚಿನ ಜೊತೆ ಗುದ್ದಾಡಬೇಕಾಗುತ್ತದೆ. ವಾಚಿನ ಕಂಪನಿಯ ಹೆಸರು ಬೇಡ. ಇದು ಒಂದೇ ಕಂಪನಿಯ ಕಥೆಯೂ ಅಲ್ಲ.

ಹೋಲಿಕೆಗೆ ಒಂದೇ ದಾರಿ ಇಟ್ಟುಕೊಂಡೆ: ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹತ್ತಿ, ಅದೇ ದಾರಿಯಲ್ಲಿ ವಾಪಸ್. ಗುರುತುಗಳು ಒಂಬತ್ತು. ಕುಕ್ಕೆ ಬಸ್‌ಸ್ಟ್ಯಾಂಡ್, ಕಾಡು ಶುರುವಾಗುವ ಜಾಗ, ಭೀಮನ ಕಲ್ಲು, ಭಟ್ಟರ ಮನೆ, ಗಿರಿಗದ್ದೆ ಚೆಕ್‌ಪೋಸ್ಟ್, ಕಲ್ಲು ಮಂಟಪ, ಅದರ ಹತ್ತಿರದ ನೀರು, ಶೇಷ ಪರ್ವತ, ಕೊನೆಗೆ 1,712 ಮೀಟರ್ ಎತ್ತರದ ಕುಮಾರ ಪರ್ವತ. ಕಂಪ್ಯೂಟರ್‌ನಲ್ಲಿ ದಾರಿ ಎಳೆದು ಜಿಪಿಎಕ್ಸ್ ಫೈಲ್ ಮಾಡಿದೆ. ಒಂದೇ ಫೈಲನ್ನು ಎರಡೂ ಯಂತ್ರಕ್ಕೆ ಕೊಟ್ಟೆ.

ಮೊದಲು ಫೈಲಿನ ಒಳಗೆ ಏನಿದೆ ಅಂತ ಗೊತ್ತಿರಬೇಕು. ಗುರುತುಗಳು `<wpt>` ಅಂತ ಬೇರೆ ಇರುತ್ತವೆ. ನಡೆಯುವ ಗೆರೆ `<trk>` ಅಂತ ಬೇರೆ ಇರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು `<rte>` ಅಂತಲೂ ಇದೆ, ಅದು ಕೆಲವೇ ಬಿಂದುಗಳ ಮಾರ್ಗ. ಬೆಟ್ಟಕ್ಕೆ ಅದನ್ನು ಕಳಿಸಬೇಡಿ. ಯಂತ್ರ ರಸ್ತೆ ಹುಡುಕುವ ಸೆಟ್ಟಿಂಗ್‌ನಲ್ಲಿದ್ದರೆ ಆ ಬಿಂದುಗಳ ನಡುವೆ ತನ್ನದೇ ದಾರಿ ಲೆಕ್ಕ ಹಾಕುತ್ತದೆ. ಟ್ರ್ಯಾಕ್ ಕೊಟ್ಟರೆ ನೀವು ಎಳೆದ ಗೆರೆಯೇ ಕಾಣುತ್ತದೆ.

ಕಳಿಸುವ ಮುಂಚೆ ಗುರುತು ಎಷ್ಟಿವೆ ಅಂತ ಎಣಿಸಿಕೊಳ್ಳಿ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಒಂದೇ ಸಾಲು:

```
grep -o "<wpt " kp.gpx | wc -l
```

ಇಲ್ಲಿ `grep -c` ಹಾಕಬೇಡಿ. ಅದು ಸಾಲುಗಳನ್ನು ಎಣಿಸುತ್ತದೆ. ಎಷ್ಟೋ ಪ್ಲ್ಯಾನರ್‌ಗಳು ಇಡೀ ಫೈಲನ್ನು ಒಂದೇ ಸಾಲಿನಲ್ಲಿ ಬರೆಯುತ್ತವೆ, ಆಗ ಒಂಬತ್ತಿದ್ದರೂ ಉತ್ತರ 1. ವಿಂಡೋಸ್‌ನವರು ನೋಟ್‌ಪ್ಯಾಡ್‌ನಲ್ಲಿ ತೆರೆದು `<wpt` ಹುಡುಕಿದರೂ ಸಾಕು.

ಈಟ್ರೆಕ್ಸ್‌ಗೆ ಹಾಕುವುದು ಪೆನ್‌ಡ್ರೈವ್‌ಗೆ ಹಾಡು ಹಾಕಿದಷ್ಟೇ ಸುಲಭ. ಕೇಬಲ್ ಚುಚ್ಚಿದರೆ ಡ್ರೈವ್ ಥರ ಕಾಣಿಸುತ್ತದೆ, `Garmin/GPX` ಫೋಲ್ಡರ್‌ಗೆ ಫೈಲ್ ಎಳೆದು ಬಿಡುವುದು. ಕೇಬಲ್ ಕೀಳುವ ಮುಂಚೆ ಎಜೆಕ್ಟ್ ಮಾಡಿ. ಇಲ್ಲದಿದ್ದರೆ ಫೈಲ್ ಅರ್ಧ ಬರೆದು ನಿಲ್ಲಬಹುದು. ಆಮೇಲೆ ಯಂತ್ರ ಆನ್ ಮಾಡಿ `Waypoint Manager` ತೆರೆದರೆ ಒಂಬತ್ತೂ ಇವೆ. `Track Manager`ನಲ್ಲಿ ಗೆರೆ ಇದೆ. ಒಂದು ವಿಷಯ ನೆನಪಿಡಿ: ಯಂತ್ರ ತೋರಿಸುವುದು ಫೈಲಿನ ಹೆಸರನ್ನಲ್ಲ, ಒಳಗಿನ `<name>`ನಲ್ಲಿ ಬರೆದ ಹೆಸರನ್ನು. ಫೈಲನ್ನು ಮಾತ್ರ ಚೆಂದದ ಹೆಸರಲ್ಲಿ ಉಳಿಸಿದರೆ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಈಟ್ರೆಕ್ಸ್ ಬಗ್ಗೆ ಇಷ್ಟೇ. ಹೇಳೋದಕ್ಕೆ ಜಾಸ್ತಿ ಏನೂ ಇಲ್ಲ ಅನ್ನೋದೇ ಅದರ ದೊಡ್ಡ ಗುಣ.

ಈಗ ವಾಚು. ಫೋನಿನಲ್ಲಿ ಫೈಲ್ ಒತ್ತಿ ಆ್ಯಪ್‌ಗೆ ಕೊಟ್ಟರೆ ಬ್ಲೂಟೂತ್ ಮೂಲಕ ವಾಚಿಗೆ ಹೋಗುತ್ತದೆ. ಕೇಳೋದಕ್ಕೆ ಕೇಬಲ್ಲಿಗಿಂತ ಸುಲಭ ಅಲ್ವಾ? ಗೆರೆ ಚೆನ್ನಾಗಿಯೇ ಬಂತು. ಗುರುತುಗಳ ಕಥೆ ಬೇರೆ.

ವಾಚಿಗೆ ಸ್ವತಂತ್ರ ಗುರುತು ಅಂದರೆ ಅಷ್ಟಕ್ಕಷ್ಟೆ. ಅದಕ್ಕೆ ಬೇಕಿರುವುದು ದಾರಿಯ ಜೊತೆ ಅಂಟಿಕೊಂಡ ಗುರುತು, ದಾರಕ್ಕೆ ಪೋಣಿಸಿದ ಮಣಿಯ ಹಾಗೆ. ‘ಶುರುವಿನಿಂದ ಇಷ್ಟು ಕಿಲೋಮೀಟರಿಗೆ ಈ ಗುರುತು’ ಅನ್ನೋದು ಅದರ ಭಾಷೆ. ಹಾಗಾಗಿ ಆ್ಯಪ್ ನಮ್ಮ ಒಂದೊಂದು `<wpt>` ಎತ್ತಿಕೊಂಡು, ಗೆರೆಯ ಮೇಲೆ ಅದಕ್ಕೆ ಎಲ್ಲಕ್ಕಿಂತ ಹತ್ತಿರದ ಬಿಂದು ಯಾವುದು ಅಂತ ಹುಡುಕಿ, ಅಲ್ಲಿಗೆ ಅಂಟಿಸುತ್ತದೆ. ಕೆಲವು ಆ್ಯಪ್‌ಗಳು ಈ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ, ಗುರುತುಗಳನ್ನು ಸುಮ್ನೆ ಬಿಟ್ಟುಬಿಡುತ್ತವೆ.

ನನ್ನ ಆ್ಯಪ್ ಬಿಡಲಿಲ್ಲ, ಒಂಬತ್ತನ್ನೂ ಅಂಟಿಸಿತು. ಎಣಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪಟ್ಟಿಯನ್ನು ದೂರದ ಜೊತೆ ಓದಿದಾಗ ಭಟ್ಟರ ಮನೆ ಸುಮಾರು 20 ಕಿಲೋಮೀಟರ್ ಅಂತ ತೋರಿಸುತ್ತಿತ್ತು! ಕುಕ್ಕೆಯಿಂದ ಅದು ಹೆಚ್ಚೆಂದರೆ ಆರು. ಚೆಕ್‌ಪೋಸ್ಟ್ ಕೂಡ ಹಾಗೇ ದೂರ ಓಡಿಹೋಗಿತ್ತು. ಭೀಮನ ಕಲ್ಲು ಮಾತ್ರ ತನ್ನ ಜಾಗದಲ್ಲೇ ಇತ್ತು.

ಕಾರಣ ಯೋಚಿಸಿದರೆ ಸರಳ. ಹೋಗುವ ದಾರಿ ಸುಮಾರು 13 ಕಿಲೋಮೀಟರ್, ಬರುವುದೂ ಅದೇ ದಾರಿ. ಒಟ್ಟು ಗೆರೆ 26. ಭಟ್ಟರ ಮನೆಯ ಪಕ್ಕದಲ್ಲಿ ಗೆರೆ ಎರಡು ಸಲ ಹಾದುಹೋಗುತ್ತದೆ, 6ರಲ್ಲಿ ಒಂದು ಸಲ, 20ರಲ್ಲಿ ಇನ್ನೊಂದು ಸಲ. ಕಂಪ್ಯೂಟರ್‌ನಲ್ಲಿ ಎಳೆದ ಎರಡು ಗೆರೆಗಳು ಒಂದೆರಡು ಮೀಟರ್ ಆಚೀಚೆ ಇದ್ದೇ ಇರುತ್ತವೆ. ಯಾವುದು ಕೂದಲೆಳೆಯಷ್ಟು ಹತ್ತಿರವೋ ಅದಕ್ಕೆ ಆ್ಯಪ್ ಅಂಟಿಸುತ್ತದೆ. ಒಂದು ಗುರುತು ಹೋಗುವ ಗೆರೆಗೆ ಬಿತ್ತು, ಇನ್ನೊಂದು ಬರುವ ಗೆರೆಗೆ. ನಕ್ಷೆಯಲ್ಲಿ ನೋಡಿದರೆ ತಪ್ಪೇ ಕಾಣುವುದಿಲ್ಲ, ಯಾಕಂದರೆ ಜಾಗ ಸರಿಯಾಗಿದೆ. ಹತ್ತುವಾಗ ವಾಚು ಭಟ್ಟರ ಮನೆಯ ಸುದ್ದಿಯೇ ಎತ್ತುವುದಿಲ್ಲ, ಮುಂದಿನ ಗುರುತು ಕಲ್ಲು ಮಂಟಪ ಅನ್ನುತ್ತದೆ. ಊಟ ಅಲ್ಲಿ ಅಂದುಕೊಂಡು ನಡೆಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ಪರಿಹಾರ ಇದೆ. ಗೆರೆಯನ್ನು ತುದಿಯಲ್ಲಿ ಕತ್ತರಿಸಿ, ಹೋಗುವುದು ಒಂದು ಫೈಲ್, ಬರುವುದು ಇನ್ನೊಂದು ಫೈಲ್ ಮಾಡಬೇಕು. ಎರಡಕ್ಕೂ ಗುರುತುಗಳನ್ನು ಸೇರಿಸಬೇಕು. ಶೃಂಗದಲ್ಲಿ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಶುರು ಮಾಡಬೇಕು. ಆಗ ದೂರಗಳು ಸರಿಯಾಗಿ ಬರುತ್ತವೆ. ಸುತ್ತು ಹಾಕಿ ಬೇರೆ ದಾರಿಯಲ್ಲಿ ಇಳಿಯುವ ಚಾರಣಕ್ಕೆ ಈ ತಾಪತ್ರಯ ಇಲ್ಲ.

ಕಲ್ಲು ಮಂಟಪದ ಹತ್ತಿರದ ನೀರಿಗೆ ಇನ್ನೊಂದು ಗತಿ ಆಯಿತು. ನಾನು ಗುರುತು ಹಾಕಿದ್ದು ಕಾಲುದಾರಿಯಿಂದ ಸ್ವಲ್ಪ ಪಕ್ಕಕ್ಕೆ. ಆ್ಯಪ್ ಅದನ್ನು ದಾರಿಯ ಮೇಲಕ್ಕೇ ಎಳೆದು ತಂದಿತು. ‘ನೀರು ಬಂತು’ ಅಂತ ವಾಚು ನಡುಗಿದಾಗ ನಿಮ್ಮ ಮುಂದೆ ಬರೀ ಹುಲ್ಲು. ಈಟ್ರೆಕ್ಸ್‌ನಲ್ಲಿ ಗುರುತು ದಾರಿಯ ಪಕ್ಕದಲ್ಲೇ, ನಾನಿಟ್ಟ ಕಡೆಯೇ ಇತ್ತು.

ಇನ್ನು ಹೆಸರಿನ ಗೋಳು. ವಾಚಿಗೆ ಬರುವ ಫೈಲಿನಲ್ಲಿ ಗುರುತಿನ ಹೆಸರಿಗೆ ಇರುವ ಜಾಗ 15 ಬೈಟ್. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. `KUMARA PARVATHA WATER` ಅಂತ ಬರೆದರೆ ಉಳಿಯುವುದು `KUMARA PARVATHA`. `KUMARA PARVATHA MANTAPA` ಅಂದರೂ ಅಷ್ಟೇ ಉಳಿಯುತ್ತದೆ. ಎಲ್ಲ ಗುರುತಿಗೂ ಒಂದೇ ಹೆಸರು! ಕನ್ನಡದಲ್ಲಿ ಬರೆದರೆ ಇನ್ನೂ ಕಷ್ಟ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ, ಒತ್ತಕ್ಷರ ಕೂಡಿಸುವ ಚಿಹ್ನೆಗೂ ಮೂರು ಮೂರು ಬೈಟ್ ಹೋಗುತ್ತದೆ. ‘ಕಲ್ಲು ಮಂಟಪ’ದಲ್ಲಿ ಕಲ್ಲು ಅನ್ನುವಷ್ಟಕ್ಕೇ 15 ಮುಗಿಯಿತು. ಗಿರಿಗದ್ದೆ ಹೋಗಿ ‘ಗಿರಿಗ’ ಆಗುತ್ತದೆ. ಅದೂ ಫೈಲಿನೊಳಗೆ ಮಾತ್ರ. ವಾಚಿನ ಮೇಲೆ ಕನ್ನಡದ ಫಾಂಟೇ ಇಲ್ಲದೆ ಬರೀ ಚೌಕಗಳು. ನಮ್ಮ ಊರಿನ ಬೆಟ್ಟಕ್ಕೆ ನಮ್ಮ ಅಕ್ಷರದಲ್ಲಿ ಹೆಸರು ಹಾಕೋಕೆ ಆಗಲ್ಲ ಅನ್ನೋದು ಬೇಜಾರೇ, ಆದರೆ ಕಾಡಿನಲ್ಲಿ ಚೌಕ ನೋಡಿಕೊಂಡು ಏನು ಮಾಡೋದು? ಹಾಗಾಗಿ ಈಗ ಎರಡೂ ಯಂತ್ರಕ್ಕೆ ಇಂಗ್ಲಿಷ್ ಅಕ್ಷರದಲ್ಲಿ, ಸಂಖ್ಯೆ ಮೊದಲು ಬರುವ ಹಾಗೆ ಬರೆಯುತ್ತೇನೆ: `4 BHATTA`, `7 NEERU`. ಹತ್ತು ಅಕ್ಷರದೊಳಗೆ ಮುಗಿಸಿದರೆ ಹಳೆಯ ಟಿಸಿಎಕ್ಸ್ ಫೈಲಿನಲ್ಲೂ ಹೆಸರು ಕತ್ತರಿಸುವುದಿಲ್ಲ. ಮೊದಲಲ್ಲಿ ಸಂಖ್ಯೆ ಇದ್ದರೆ ಇನ್ನೊಂದು ಲಾಭ: ಪಟ್ಟಿಯಲ್ಲಿ 4 ಹೋಗಿ 8ರ ನಂತರ ಕೂತಿದ್ದರೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ವಾಚಿಗೆ ಕೇಬಲ್ ಹಾಕಿಯೂ ನೋಡಿದೆ. ವಿಂಡೋಸ್‌ನಲ್ಲಿ ಫೋನಿನ ಥರ ಕಾಣಿಸಿತು, ಮ್ಯಾಕ್‌ನಲ್ಲಿ ಬೇರೆ ಪ್ರೋಗ್ರಾಂ ಇಲ್ಲದೆ ಕಾಣಲೇ ಇಲ್ಲ. ಗುರುತುಗಳ ವಿಷಯದಲ್ಲಿ ಫಲಿತಾಂಶ ಅದೇ.

ಪರೀಕ್ಷೆ ಮಾಡುವಾಗ ಬರೀ ಎಣಿಕೆ ನೆಚ್ಚಬೇಡಿ ಅನ್ನೋದು 20 ಕಿಲೋಮೀಟರಿನ ಭಟ್ಟರ ಮನೆಯಿಂದಲೇ ಗೊತ್ತಾಗುತ್ತದೆ. ವಾಚಿನಲ್ಲಿ ಪ್ರತಿ ಗುರುತಿನ ದೂರ ಓದಿ, ಅದು ಏರುತ್ತಾ ಹೋಗುತ್ತದಾ ನೋಡಿ. ಈಟ್ರೆಕ್ಸ್‌ನಲ್ಲಿ ಒಂದೆರಡು ಗುರುತು ತೆರೆದು ಅಕ್ಷಾಂಶ, ರೇಖಾಂಶ ಹೋಲಿಸಿ. ಇಲ್ಲಿ ಒಂದು ಗೊಂದಲ ಆಗಬಹುದು. ಫೈಲಿನಲ್ಲಿ 12.66400 ಅಂತ ಇದ್ದರೆ ಯಂತ್ರದಲ್ಲಿ N12° 39.840 ಅಂತ ಕಾಣಬಹುದು. ಎರಡೂ ಒಂದೇ: 0.664ನ್ನು 60ರಿಂದ ಗುಣಿಸಿದರೆ 39.84 ನಿಮಿಷ. ಸೆಟ್ಟಿಂಗ್‌ನ `Position Format` ಬದಲಿಸಿದರೆ ಫೈಲಿನ ಹಾಗೇ ಕಾಣುತ್ತದೆ. ಆದರೆ ಯಾರಾದರೂ ಈ ನಿಮಿಷಗಳನ್ನೇ ದಶಮಾಂಶ ಅಂದುಕೊಂಡು 12.39840 ಅಂತ ಕೈಯಿಂದ ಹಾಕಿಬಿಟ್ಟರೆ ಗುರುತು 29 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂರುತ್ತದೆ. ಕೊನೆಯ ಅಂಕೆ ಒಂದು ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಶಮಾಂಶದ ಐದನೇ ಸ್ಥಾನ ಅಂದರೆ ನೆಲದ ಮೇಲೆ ಸುಮಾರು ಒಂದು ಮೀಟರ್ ಅಷ್ಟೇ.

ಈ ಪರೀಕ್ಷೆ ಮನೆಯಲ್ಲೇ ಮುಗಿಸಿ. ವಾಚಿನ ಆ್ಯಪ್‌ಗೆ ಇಂಟರ್‌ನೆಟ್ ಬೇಕು. ಕಾಡಿನೊಳಗೆ ಹೋದ ಮೇಲೆ ನೆಟ್‌ವರ್ಕ್ ಹುಡುಕುತ್ತಾ ದಾರಿ ಸರಿ ಮಾಡೋಕೆ ಆಗಲ್ಲ. ಈಟ್ರೆಕ್ಸ್‌ಗೆ ಅದೂ ಬೇಡ, ಎರಡು ಎಎ ಸೆಲ್ ಇದ್ದರೆ ಸಾಕು.

ಯಾವುದು ತಗೋಬೇಕು? ವಾಚು ಈಗಾಗಲೇ ಕೈಯಲ್ಲಿದ್ದು, ವರ್ಷಕ್ಕೆ ಒಂದೋ ಎರಡೋ ಬೆಟ್ಟ ಹತ್ತುವವರು ಇನ್ನೊಂದು ಯಂತ್ರಕ್ಕೆ ದುಡ್ಡು ಹಾಕಬೇಡಿ. ದಾರಿಯನ್ನು ಎರಡು ತುಂಡು ಮಾಡಿ, ಸಣ್ಣ ಹೆಸರು ಕೊಟ್ಟು, ದೂರ ಓದಿ ನೋಡಿದರೆ ಕೆಲಸ ನಡೆಯುತ್ತದೆ. ನನ್ನ ಅಭ್ಯಾಸ ಬೇರೆ. ನಾನು ಹಾಕುವ ಗುರುತುಗಳಲ್ಲಿ ಅರ್ಧ ದಾರಿಯ ಆಚೀಚೆಯವು, ನೀರು, ನೆರಳು, ಫೋಟೋ ತೆಗೆಯುವ ಬಂಡೆ. ಅಂಥವರಿಗೆ ಸೆಕೆಂಡ್ ಹ್ಯಾಂಡ್ ಈಟ್ರೆಕ್ಸ್ ಸಾಕಷ್ಟಾಯಿತು. ಈಗ ವಾಚಿಗೆ ಬರೀ ಗೆರೆ ಕಳಿಸುತ್ತೇನೆ, ಗುರುತುಗಳೆಲ್ಲ ಈಟ್ರೆಕ್ಸ್‌ನಲ್ಲಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಕೇಬಲ್ಲನ್ನೂ ಕೇಳಿ ಇಸ್ಕೊಳ್ಳಿ. ಅದಕ್ಕೆ ಬೇಕಿರುವುದು ಮಿನಿ ಯುಎಸ್‌ಬಿ, ಈಗಿನ ಫೋನ್ ಚಾರ್ಜರಿನ ಕೇಬಲ್ ಹಿಡಿಸುವುದಿಲ್ಲ.