ಔಷಧಿ ಡಬ್ಬಿಯ ಫೋಟೋ ಅನುವಾದ ನಂಬಿ ಅಮ್ಮನಿಗೆ ತೊಂದರೆ ಕೊಟ್ಟೆ

ಕಳೆದ ಚಳಿಗಾಲದಲ್ಲಿ ಅಮ್ಮ ಟೋಕಿಯೋಗೆ ಬಂದಿದ್ದರು. ನೆಗಡಿ ಹಿಡಿಯಿತು. ಅಂಗಡಿಯಿಂದ ಕಾಕ್ಕೊಂತೋ ಪುಡಿ ತಂದೆ. ನೆಗಡಿ ಶುರುವಾಗುವಾಗ ಇಲ್ಲಿನವರು ತೆಗೆದುಕೊಳ್ಳುವ ಗಿಡಮೂಲಿಕೆ ಔಷಧಿ ಅದು. ನನಗೆ ಜಪಾನೀಸ್ ಓದಲು ಬರುವುದಿಲ್ಲ. ಡಬ್ಬಿಯ ಫೋಟೋ ತೆಗೆದು ಅನುವಾದದ ಆ್ಯಪಿಗೆ ಕೊಟ್ಟೆ. 'ಊಟದ ಮೊದಲು ಅಥವಾ ಊಟದ ನಡುವೆ' ಅಂತ ಬಂತು.

ಸುಮ್ನೆ ನಂಬಲಿಲ್ಲ. ಆ ಕನ್ನಡವನ್ನೇ ಅದೇ ಆ್ಯಪಿನಲ್ಲಿ ತಿರುಗಿ ಜಪಾನೀಸಿಗೆ ಹಾಕಿದೆ. ಡಬ್ಬಿಯಲ್ಲಿದ್ದ 'ಶೊಕ್ಕನ್' ಎಂಬ ಪದದ ಎರಡು ಅಕ್ಷರಗಳೇ ವಾಪಸ್ ಬಂದವು. ಸರಿಯಾಗಿದೆ ಅಂದುಕೊಂಡೆ.

ಅಮ್ಮ ನಾಲ್ಕು ತುತ್ತು ಅನ್ನ ತಿಂದು, ನಿಲ್ಲಿಸಿ, ಆ ಕಹಿ ಪುಡಿ ನುಂಗಿ, ಮತ್ತೆ ತಟ್ಟೆಗೆ ಕೈ ಹಾಕುತ್ತಿದ್ದರು. ಮೂರನೇ ದಿನ ಊಟದ ಮಧ್ಯದಲ್ಲೇ ವಾಂತಿ ಆಯಿತು. ಆಮೇಲೆ ಅನ್ನ ಕಂಡರೇ ಬೇಡ ಅನ್ನತೊಡಗಿದರು.

ಜಪಾನೀಸ್ ಬಲ್ಲ ಕನ್ನಡದ ಗೆಳತಿಗೆ ಫೋನ್ ಮಾಡಿದೆ. ಡಬ್ಬಿ ತೋರಿಸದೆ, ಆ್ಯಪ್ ಕೊಟ್ಟ ಕನ್ನಡ ಸಾಲುಗಳನ್ನಷ್ಟೇ ಓದಿ, ಜಪಾನೀಸಿನಲ್ಲಿ ಬರೆದು ಕಳಿಸು ಅಂದೆ. 'ಊಟದ ನಡುವೆ' ಎಂಬುದನ್ನು 'ಊಟ ಮಾಡುತ್ತಿರುವಾಗ' ಎಂಬ ಅರ್ಥದಲ್ಲಿ ಬರೆದಳು. ಅದನ್ನೂ ಡಬ್ಬಿಯನ್ನೂ ಆಫೀಸಿನ ಜಪಾನಿ ಸಹೋದ್ಯೋಗಿಯ ಮುಂದೆ ಇಟ್ಟೆ. ಅವರು ತಕ್ಷಣ ತಲೆ ಅಲ್ಲಾಡಿಸಿದರು. ಶೊಕ್ಕನ್ ಅಂದರೆ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವಿನ ಹೊತ್ತು, ಊಟವಾಗಿ ಸುಮಾರು 2 ಗಂಟೆ ಬಿಟ್ಟು. ಜಪಾನಿನವರೇ ಕೆಲವರು ಊಟದ ಮಧ್ಯೆ ಅಂತ ತಪ್ಪು ತಿಳಿಯುತ್ತಾರಂತೆ.

ತಪ್ಪು ಅಡಗಿದ್ದದ್ದು ಕನ್ನಡದ 'ನಡುವೆ'ಯಲ್ಲಿ. ಅದಕ್ಕೆ ಎರಡೂ ಅರ್ಥ ಇದೆ ಅಲ್ವಾ? ಆ್ಯಪ್ ಒಂದು ಅರ್ಥದಲ್ಲಿ ಬರೆದು ಅದೇ ಅರ್ಥಕ್ಕೆ ವಾಪಸ್ ಹೋಯಿತು. ಅಮ್ಮ ಇನ್ನೊಂದು ಅರ್ಥದಲ್ಲಿ ಓದಿದರು. ಅದಕ್ಕೇ ತಿರುಗಿ ಅನುವಾದಿಸುವವರು ಮೂಲವನ್ನು ನೋಡಿರಬಾರದು, ಅದೇ ಆ್ಯಪ್ ಅಂತೂ ಆಗಲೇಬಾರದು.

ಇನ್ನೊಂದು ಸಂಗತಿ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. 7ರಿಂದ 14 ವರ್ಷದ ಮಕ್ಕಳಿಗೆ ಒಂದು ಪೊಟ್ಟಣದ 2/3 ಭಾಗ ಅಂತ ಡಬ್ಬಿಯಲ್ಲಿತ್ತು. ಫೋಟೋದಲ್ಲಿ ಆ ಅಡ್ಡಗೆರೆ ಸರಿಯಾಗಿ ಬಿದ್ದಿರಲಿಲ್ಲ. ಆ್ಯಪ್ ಅದನ್ನು '2-3 ಪೊಟ್ಟಣ' ಮಾಡಿತ್ತು. ಎಂಟು ವರ್ಷದ ಮಗಳಿಗೂ ಕೊಡುವ ಯೋಚನೆಯಲ್ಲಿದ್ದೆ. ಇಂಥ ತಪ್ಪು ತಿರುಗಿ ಅನುವಾದಿಸಿದರೆ ಸಿಗುವುದಿಲ್ಲ. ಓದಿದ್ದೇ ತಪ್ಪಾದರೆ ವಾಪಸ್ ಬರುವುದೂ ಅದೇ ತಪ್ಪು. ಸಹೋದ್ಯೋಗಿಗೆ ಇದು ಸಿಕ್ಕಿದ್ದು ಕೈಯಲ್ಲಿ ಡಬ್ಬಿಯೇ ಇದ್ದುದರಿಂದ. ಹೋಲಿಸುವವರಿಗೆ ಆ್ಯಪ್ ಹೆಕ್ಕಿಕೊಟ್ಟ ಅಕ್ಷರಗಳನ್ನು ಕೊಡಬೇಡಿ, ಡಬ್ಬಿಯನ್ನೇ ಕೊಡಿ. ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಲು ಹೇಳಿ.

ಮರುದಿನ ಔಷಧಿ ಅಂಗಡಿಯವರನ್ನೂ ಕೇಳಿ ಖಚಿತ ಮಾಡಿಕೊಂಡೆ. ಈಗ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: 'ಊಟ ಮುಗಿದು 2 ಗಂಟೆ ಆದಮೇಲೆ. ಮಗುವಿಗೆ ಒಂದು ಪೊಟ್ಟಣಕ್ಕಿಂತ ಕಡಿಮೆ, ಕೇಳಿಯೇ ಕೊಡಬೇಕು.'