ಮೂರು ವರ್ಷ ಚ್ಕಾವ್ಕಾ ಬಳಸಿದ ಮೇಲೆ: ಆಯಿಯ ಚರಗ ಕಸದ ಬುಟ್ಟಿಗೆ ಹೋಗಿ ಬಂದ ಕತೆ

ನಮ್ಮ ಮನೆಯಲ್ಲಿ ಫೋಟೊ ಅಳಿಸುವ ಅಧಿಕಾರ ನನಗೊಬ್ಬನಿಗೇ ಇದೆ. ಅಳಿಸಬಾರದ್ದನ್ನು ಅಳಿಸಿದಾಗ ಬೈಸಿಕೊಳ್ಳುವವನೂ ನಾನೊಬ್ಬನೇ. ಕಲಬುರಗಿಯ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಹಾರ್ಡ್‌ಡಿಸ್ಕ್, ಅವುಗಳಲ್ಲಿ ಸುಮಾರು 60,000 ಫೋಟೊಗಳಿವೆ. ಒಂದೇ ಫೋಟೊ ನಾಲ್ಕು ಕಡೆ ಇರುವುದು ಇಲ್ಲಿ ಮಾಮೂಲು. ಇದನ್ನು ಹಸನು ಮಾಡಲು ಮೂರು ವರ್ಷಗಳಿಂದ Czkawka ಬಳಸುತ್ತಿದ್ದೇನೆ. ಚ್ಕಾವ್ಕಾ ಎಂದು ಓದಬೇಕು. ಪೋಲಿಷ್ ಭಾಷೆಯಲ್ಲಿ ಬಿಕ್ಕಳಿಕೆ ಎಂದರ್ಥವಂತೆ. ನಕಲು ಕಡತಗಳನ್ನು ಹುಡುಕಿಕೊಡುವ ಉಚಿತ ಮುಕ್ತ ತಂತ್ರಾಂಶ. ಜಾಹೀರಾತು ಇಲ್ಲ, ಫೋಟೊಗಳನ್ನು ಎಲ್ಲಿಗೂ ಕಳುಹಿಸುವುದಿಲ್ಲ.

ಬೈಟ್ ಬೈಟ್‌ಗೂ ಒಂದೇ ಆಗಿರುವ ನಕಲುಗಳ ಮಟ್ಟಿಗೆ ನನಗೆ ಯಾವ ದೂರೂ ಇಲ್ಲ. Duplicate Files ವಿಭಾಗದಲ್ಲಿ Hash ಆರಿಸಿದರೆ ಕಡತದ ಒಳಗಿನದ್ದನ್ನೇ ಲೆಕ್ಕ ಹಾಕಿ ಹೋಲಿಸುತ್ತದೆ. ಅಲ್ಲಿ ಒಂದೇ ಎಂದು ಬಂದವು ನಿಜಕ್ಕೂ ಒಂದೇ. ಯಾವುದನ್ನು ಉಳಿಸಿದರೂ ನಷ್ಟವಿಲ್ಲ. ಮೊದಲ ಸಲವೇ ಒಂದು ಡಿಸ್ಕಿನ ಮೂರನೇ ಒಂದು ಭಾಗ ಖಾಲಿಯಾಯಿತು.

ತಲೆನೋವು ಶುರುವಾಗುವುದು ಒಂದನ್ನೊಂದು ಹೋಲುವ ಫೋಟೊಗಳನ್ನು ಗುಂಪು ಮಾಡುವ Similar Images ವಿಭಾಗದಲ್ಲಿ. 2024ರ ಜನವರಿಯಲ್ಲಿ ಎಳ್ಳ ಅಮಾವಾಸ್ಯೆಗೆ ಆಳಂದ ಕಡೆಯ ನಮ್ಮ ಹೊಲಕ್ಕೆ ಎಲ್ಲರೂ ಹೋಗಿದ್ದೆವು. ಆಯಿ ಜೋಳದ ಬೆಳೆಯ ಅಂಚಿನಲ್ಲಿ ನಿಂತು ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲುವಾಗ ಸೋದರಳಿಯ ತನ್ನ ಕ್ಯಾಮೆರಾದ ಗುಂಡಿ ಒತ್ತಿ ಹಿಡಿದಿದ್ದ. ಐದು ಸೆಕೆಂಡಿನಲ್ಲಿ 23 ಫೋಟೊಗಳು, ಒಂದೊಂದೂ 6000×4000 ಪಿಕ್ಸೆಲ್. ತಿಂಗಳ ನಂತರ ನಾನು ಆ ಫೋಲ್ಡರ್ ಮೇಲೆ ಹುಡುಕಾಟ ನಡೆಸಿದೆ. 21 ಫೋಟೊಗಳು ಒಂದೇ ಗುಂಪಿಗೆ ಬಂದವು. ದೊಡ್ಡ ಕಡತವೊಂದನ್ನು ಬಿಟ್ಟು ಉಳಿದವನ್ನೆಲ್ಲ ಗುರುತು ಮಾಡುವ ಆಯ್ಕೆ ಒತ್ತಿ ಅಳಿಸಿಬಿಟ್ಟೆ. ದೊಡ್ಡದಿದ್ದರೆ ಹೆಚ್ಚು ವಿವರ ಇರುತ್ತದೆ ಎಂಬುದು ನನ್ನ ತರ್ಕ.

ಉಳಿದ ಫೋಟೊ ತೆರೆದು ನೋಡಿದಾಗ ಎದೆ ಧಸಕ್ ಎಂದಿತು. ಜೋಳದ ಎಲೆಗಳ ಒಂದೊಂದು ಗೆರೆಯೂ ಸ್ಪಷ್ಟ, ಆಯಿಯ ಮುಖ ಮಾತ್ರ ಮಸುಕು. ಆ ಕ್ಷಣ ಫೋಕಸ್ ಹಿಂದಿನ ಬೆಳೆಯ ಮೇಲೆ ಕೂತಿತ್ತು. ಜೆಪೆಗ್‌ನಲ್ಲಿ ಸಣ್ಣ ಗೆರೆಗಳು ಹೆಚ್ಚಿದಷ್ಟೂ ಕಡತ ದಪ್ಪವಾಗುತ್ತದೆ. ಮುಖದ ಚರ್ಮಕ್ಕಿಂತ ಒಂದು ಹೊಲದಷ್ಟು ಎಲೆಗಳಲ್ಲಿ ಗೆರೆಗಳು ಹೆಚ್ಚು. ಹಾಗಾಗಿ ಕೆಟ್ಟ ಫೋಟೊವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಪುಣ್ಯಕ್ಕೆ ಅಳಿಸಿದ್ದು ರಿಸೈಕಲ್ ಬಿನ್‌ನಲ್ಲಿತ್ತು, ಮರಳಿ ತಂದೆ. ಪೆನ್‌ಡ್ರೈವ್ ಮೇಲೆ ಇದೇ ಕೆಲಸ ಮಾಡಿದ್ದರೆ ಅದೂ ಇರುತ್ತಿರಲಿಲ್ಲ. ವಿಂಡೋಸ್ ಪೆನ್‌ಡ್ರೈವ್‌ಗೆ ಬಿನ್ ಇಡುವುದಿಲ್ಲ. ಅಂದಿನಿಂದ ನಾನು Delete ಒತ್ತುವುದಿಲ್ಲ. Move ಒತ್ತಿ ಬೇರೆ ಫೋಲ್ಡರಿಗೆ ಸಾಗಿಸಿ, ಒಂದು ತಿಂಗಳು ಬಿಟ್ಟು ಆಮೇಲೆ ಅಳಿಸುತ್ತೇನೆ.

ತಪ್ಪು ತಂತ್ರಾಂಶದ್ದೇ? ಅಲ್ಲ. ಅದು ಏನನ್ನು ನೋಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೇ. Hash size 16 ಇಟ್ಟು Gradient ವಿಧಾನ ಆರಿಸಿದರೆ, ಅದು ಫೋಟೊವನ್ನು ಸುಮಾರು 16×16 ಚೌಕಗಳಿಗೆ ಕುಗ್ಗಿಸಿ, ಪಕ್ಕಪಕ್ಕದ ಚೌಕಗಳಲ್ಲಿ ಯಾವುದು ಹೆಚ್ಚು ಬೆಳಕಾಗಿದೆ ಎಂದಷ್ಟೇ ಬರೆದಿಟ್ಟುಕೊಳ್ಳುತ್ತದೆ. ಬರುವುದು 256 ಹೌದು-ಅಲ್ಲ ಉತ್ತರಗಳು. ಎರಡು ಫೋಟೊಗಳ ಉತ್ತರಗಳಲ್ಲಿ ವ್ಯತ್ಯಾಸ ಕಡಿಮೆ ಇದ್ದರೆ Very High ಎನ್ನುತ್ತದೆ. ನಮ್ಮ ಫೋಟೊದಲ್ಲಿ ಒಂದು ಚೌಕವೆಂದರೆ 375×250 ಪಿಕ್ಸೆಲ್. ಆಯಿಯ ಇಡೀ ಮುಖದ ಅಗಲ 180 ಪಿಕ್ಸೆಲ್ ಇತ್ತು. ಕಣ್ಣು ಮುಚ್ಚಿದ್ದರೂ ತೆರೆದಿದ್ದರೂ, ಕೈಯಿಂದ ಚಿಮ್ಮಿದ ಚರಗ ಗಾಳಿಯಲ್ಲಿದ್ದರೂ ನೆಲಕ್ಕೆ ಬಿದ್ದಿದ್ದರೂ ಆ ಚೌಕದ ಬೆಳಕು ಹೆಚ್ಚುಕಡಿಮೆ ಅದೇ. ಒಳ್ಳೆಯ ಫೋಟೊವನ್ನು ಒಳ್ಳೆಯದಾಗಿಸುವ ಸಂಗತಿಯೇ ಅದರ ಕಣ್ಣಿಗೆ ಬೀಳದಷ್ಟು ಸಣ್ಣದು. ಹೋಲಿಕೆಯನ್ನು ಅದು ಅಳೆಯುತ್ತದೆ, ಗುಣವನ್ನಲ್ಲ.

ಹಾಗಾಗಿ ಕೆಲಸವನ್ನು ತಿರುಗಾಮುರುಗಾ ಮಾಡಿದೆ. ಅಳಿಸಬೇಕಾದ್ದನ್ನು ಹುಡುಕುವ ಬದಲು ಉಳಿಸಬೇಕಾದ್ದನ್ನು ಮೊದಲು ಆರಿಸುತ್ತೇನೆ. 23 ಫೋಟೊಗಳನ್ನೂ ಒಂದೊಂದಾಗಿ ನೂರಕ್ಕೆ ನೂರು ಗಾತ್ರದಲ್ಲಿ ತೆರೆದು ಎರಡೇ ಜಾಗ ನೋಡಿದೆ: ಮೊದಲು ಮುಖ, ಆಮೇಲೆ ಕೈ. ಹದಿನಾಲ್ಕನೆಯದರಲ್ಲಿ ಕಣ್ಣು ಸ್ಪಷ್ಟ, ಚರಗ ಗಾಳಿಯಲ್ಲಿ ಹರಡಿದೆ. ಒಂಬತ್ತನೆಯದರಲ್ಲಿ ನಗು ಚೆನ್ನಾಗಿದೆ. ಆ ಎರಡನ್ನು ‘ಉಳಿಸಿದವು’ ಎಂಬ ಫೋಲ್ಡರಿಗೆ ಸಾಗಿಸಿದೆ. ಚ್ಕಾವ್ಕಾದಲ್ಲಿ ಫೋಲ್ಡರ್ ಸೇರಿಸುವಾಗ Reference ಎಂಬ ಗುರುತು ಹಾಕಬಹುದು. ಹಾಗೆ ಗುರುತು ಹಾಕಿದ ಫೋಲ್ಡರಿನ ಕಡತಗಳನ್ನು ಅದು ಅಳಿಸಲು ಬಿಡುವುದೇ ಇಲ್ಲ. ಅವುಗಳಿಗೆ ಹೋಲುವ ಬೇರೆಯವನ್ನು ಮಾತ್ರ ತೋರಿಸುತ್ತದೆ. ಮತ್ತೆ ಹುಡುಕಿಸಿದಾಗ 19 ಬಂದವು, ಸಾಗಿಸಿದೆ. ಹೊರಗುಳಿದ ಎರಡರಲ್ಲಿ ಆಯಿ ನಮ್ಮ ಕಡೆ ತಿರುಗಿ ಏನೋ ಬೈಯುತ್ತಿದ್ದಾಳೆ. ಅವು ಬೇರೆಯೇ ಫೋಟೊಗಳು, ಇರಲಿ.

ವಾಟ್ಸಾಪ್ ನಕಲುಗಳದ್ದು ಇನ್ನೊಂದು ಬಲೆ. ಹದಿನಾಲ್ಕನೆಯ ಫೋಟೊವನ್ನು ಅಂದೇ ಕಾಕಾ ಮನೆಯ ಗುಂಪಿಗೆ ಹಾಕಿದ್ದರು. ನನ್ನ ಮೊಬೈಲಿನಲ್ಲಿ ಅದು `IMG-20240111-WA0037.jpg` ಆಗಿ 1600×1067ಕ್ಕೆ ಕುಗ್ಗಿ ಕೂತಿತ್ತು. ಮೂಲ ಫೋಟೊವನ್ನು ನಾನು ಲ್ಯಾಪ್‌ಟಾಪಿಗೆ ತಂದದ್ದು ವಾರಗಳ ನಂತರ, ಒಂದು ಹಂಚಿಕೆ ಆ್ಯಪ್ ಮೂಲಕ. ಹಾಗಾಗಿ ಕಡತದ ತಾರೀಖು ತಂದ ದಿನದ್ದಾಗಿತ್ತು. ಹಳೆಯದನ್ನು ಬಿಟ್ಟು ಉಳಿದವನ್ನು ಗುರುತು ಮಾಡು ಎಂದಿದ್ದರೆ ಕುಗ್ಗಿದ ನಕಲು ಉಳಿದು ಮೂಲವೇ ಹೋಗುತ್ತಿತ್ತು. ಇಂಥ ಕಡೆ ನಾನು Select Custom ತೆರೆದು ಹೆಸರಿನ ಜಾಗದಲ್ಲಿ ಇದನ್ನು ಬರೆಯುತ್ತೇನೆ:

```
*-WA*
```

ಆಗ ವಾಟ್ಸಾಪಿನಿಂದ ಬಂದವು ಮಾತ್ರ ಗುರುತಾಗುತ್ತವೆ. ಒಂದು ಗುಂಪಿನ ಎಲ್ಲವನ್ನೂ ಗುರುತು ಮಾಡದಂತೆ ತಡೆಯುವ ಆಯ್ಕೆ ಅಲ್ಲೇ ಇದೆ, ಅದರ ಟಿಕ್ ತೆಗೆಯಬೇಡಿ. ಎಷ್ಟೋ ಫೋಟೊಗಳಿಗೆ ನಮ್ಮಲ್ಲಿ ಇರುವುದು ವಾಟ್ಸಾಪ್ ಪ್ರತಿಗಳು ಮಾತ್ರ. ದೊಡ್ಡದನ್ನು ಉಳಿಸುವ ಸೂತ್ರ ಇಲ್ಲಿ ಬಹುಪಾಲು ಸರಿಹೋಗುತ್ತದೆ, ಆದರೆ ಸ್ಕ್ರೀನ್‌ಶಾಟ್ ಇದ್ದರೆ ಎಚ್ಚರ. ಪಿಎನ್‌ಜಿ ಸ್ಕ್ರೀನ್‌ಶಾಟ್ ಮೂಲ ಜೆಪೆಗ್‌ಗಿಂತ ತೂಕವಾಗಿರಬಹುದು. ಕಡತದ ತೂಕಕ್ಕಿಂತ ಪಿಕ್ಸೆಲ್ ಅಳತೆಯ ಕಾಲಮ್ ನೋಡುವುದು ವಾಸಿ.

ವೇಗದ ಬಗ್ಗೆ ಹೇಳುವುದಾದರೆ, ಮೊದಲ ಹುಡುಕಾಟಕ್ಕೆ ನನ್ನ ಲ್ಯಾಪ್‌ಟಾಪ್ ರಾತ್ರಿಯ ಊಟ ಮುಗಿಯುವವರೆಗೂ ಸಮಯ ತೆಗೆದುಕೊಂಡಿತು. ಲೆಕ್ಕವನ್ನು ಉಳಿಸಿಟ್ಟುಕೊಳ್ಳುವುದರಿಂದ ಮುಂದಿನ ಸಲ ಕೆಲವೇ ನಿಮಿಷ. ಅಂಚು ಕತ್ತರಿಸಿದ ಫೋಟೊಗಳನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕತ್ತರಿಸಿದ ಕೂಡಲೇ ಚೌಕಗಳೆಲ್ಲ ಸರಿದುಬಿಡುತ್ತವೆ. ನನಗೇನೂ ಅದರಿಂದ ತೊಂದರೆಯಾಗಿಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ. ಒಂದನ್ನು ಕಡಿತಗೊಳಿಸಿದ್ದು ನಮ್ಮ ಪಹಣಿಗಳ ಸಲುವಾಗಿ. ಹೊಲದ ಕಾಗದಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದು ಇಟ್ಟಿದ್ದೆ. ಬಿಳಿ ಹಾಳೆ, ಮೇಲೆ ಕಪ್ಪು ಸಾಲುಗಳು. ಕುಗ್ಗಿಸಿದರೆ ಎಲ್ಲವೂ ಒಂದೇ. ಹೋಲಿಕೆಯ ಮಟ್ಟವನ್ನು Medium ಇಟ್ಟಿದ್ದ ಒಂದು ದಿನ ನಾಲ್ಕು ಸರ್ವೆ ನಂಬರಿನ ಹನ್ನೊಂದು ಪಹಣಿಗಳನ್ನು ಒಂದೇ ಫೋಟೊದ ನಕಲುಗಳೆಂದು ಸಾಲಾಗಿ ನಿಲ್ಲಿಸಿತ್ತು. ಈಗ ಆ ಫೋಲ್ಡರನ್ನು ಹುಡುಕಾಟದಿಂದಲೇ ಹೊರಗಿಟ್ಟಿದ್ದೇನೆ.